ಲೀಟರಿಗೆ 75 ಪೈಸೆ: ಪಂಪ್ ಮಾಲಕರಿಗೆ ನಾನು ಬರೆದ ಎರಡು ಪತ್ರ

ಕಾಸರಗೋಡು ಜಿಲ್ಲೆಯ ಕುಂಬಳೆ ಪೇಟೆಯ ಟ್ಯಾಕ್ಸಿ ಚಾಲಕರ ಸಂಘಕ್ಕೆ ನಾನು ಕಾರ್ಯದರ್ಶಿ. ಕಾರ್ಯದರ್ಶಿ ಅಂದರೆ ದೊಡ್ಡದೇನಲ್ಲ. ಮಿನಿಟ್ಸ್ ಪುಸ್ತಕ ಮನೆಯಲ್ಲಿ ಇಟ್ಟುಕೊಳ್ಳುವವನು, ಸ್ಟ್ಯಾಂಡಿನಲ್ಲಿ ಜಗಳವಾದರೆ ಎರಡೂ ಕಡೆಯಿಂದ ಬೈಸಿಕೊಳ್ಳುವವನು. ನಾನೂ ದಿನಾ ಬಾಡಿಗೆಗೆ ಹೋಗುವವನೇ. ಈ ವರ್ಷ ಮಾರ್ಚಿನಿಂದ ಜುಲೈವರೆಗೆ ಒಂದು ಕೆಲಸದ ಹಿಂದೆ ಬಿದ್ದಿದ್ದೆ. ನಮ್ಮ ಸದಸ್ಯರ ವಾಹನಗಳಿಗೆ ಪೆಟ್ರೋಲ್ ಪಂಪಿನಲ್ಲಿ ಸ್ವಲ್ಪ ರಿಯಾಯಿತಿ ಕೊಡಿಸುವ ಕೆಲಸ. ಬೇರೆ ಸ್ಟ್ಯಾಂಡಿನ ಇಬ್ಬರು ಮೂವರು ‘ಹೇಗೆ ಮಾಡಿದಿರಿ, ಪತ್ರದಲ್ಲಿ ಏನು ಬರೆದಿರಿ’ ಎಂದು ಕೇಳಿದರು. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಶುರುವಾದದ್ದು ಸಿಟ್ಟಿನಿಂದ. ಗಡಿಯ ಆಚೆ ಕರ್ನಾಟಕದಲ್ಲಿ ಡೀಸೆಲ್ ನಮ್ಮಲ್ಲಿಗಿಂತ ಐದಾರು ರೂಪಾಯಿ ಕಡಿಮೆ. ಕೇರಳ ಸರಕಾರ 2023ರ ಏಪ್ರಿಲಿನಲ್ಲಿ ಲೀಟರಿಗೆ 2 ರೂಪಾಯಿ ಸೆಸ್ ಹಾಕಿದ ಮೇಲೆ ನಮ್ಮವರ ಗೊಣಗಾಟ ಜಾಸ್ತಿಯಾಗಿದೆ. ತಲಪಾಡಿ ದಾಟಿದರೆ ಕಡಿಮೆಗೆ ಸಿಗುತ್ತದೆ, ಇಲ್ಲಿ ಯಾಕೆ ಸಿಗುವುದಿಲ್ಲ ಎಂಬುದು ಮಾರ್ಚಿನ ಸಭೆಯಲ್ಲಿ ಎದ್ದ ಪ್ರಶ್ನೆ. ಪೇಟೆಯ ಪಂಪಿನ ಮಾಲಕರಿಗೆ ಸಂಘದಿಂದ ಒಂದು ಪತ್ರ ಕೊಡುವುದು ಅಂತ ನಿರ್ಣಯವಾಯಿತು. ಬರೆಯುವ ಜವಾಬ್ದಾರಿ ನನ್ನ ತಲೆಗೆ ಬಂತು.

ಮೊದಲ ಪತ್ರ ಒಂದೂವರೆ ಪುಟ ಇತ್ತು. ಈಗ ಓದಿದರೆ ನನಗೇ ನಾಚಿಕೆ. ‘ಬಡ ಚಾಲಕರ ಬದುಕಿನ ಬವಣೆಯನ್ನು ಮನಗಂಡು’ ಅಂತ ಶುರು. ಆಮೇಲೆ ಮೂರು ಬೇಡಿಕೆ. ಒಂದು, ತಲಪಾಡಿಯ ಆಚೆಯ ದರದಲ್ಲೇ ನಮಗೆ ಡೀಸೆಲ್ ಕೊಡಬೇಕು. ಎರಡು, ಒಂದು ತಿಂಗಳ ಸಾಲ ಕೊಡಬೇಕು. ಮೂರು, ಟಯರಿಗೆ ಗಾಳಿ ಉಚಿತವಾಗಿ ಹಾಕಬೇಕು. ಗಾಳಿ ಪಂಪಿನಲ್ಲಿ ಹೇಗೂ ಉಚಿತವೇ. ಅದು ಕೊಡಲೇಬೇಕಾದದ್ದು. ಆದರೆ ಎರಡೇ ಬೇಡಿಕೆ ಬರೆದರೆ ಪತ್ರ ಬೋಳು ಕಾಣುತ್ತದೆ ಅಂತ ಸೇರಿಸಿದ್ದೆ!

ಪತ್ರವನ್ನು ಪಂಪಿನ ಮ್ಯಾನೇಜರ್ ಕೈಗೆ ಕೊಟ್ಟೆ. ಅವರು ಮಲಯಾಳಿ. ಪತ್ರ ಕನ್ನಡದಲ್ಲಿತ್ತು. ಅವರು ಅದನ್ನು ಮಡಚಿ ಬಿಲ್ಲು ಚುಚ್ಚುವ ಕಂಬಿಗೆ ಚುಚ್ಚಿದರು. ಹತ್ತೊಂಬತ್ತು ದಿನ ಅದು ಅಲ್ಲೇ ಇತ್ತು. ಡೀಸೆಲ್ ಹಾಕಿಸಲು ಹೋದಾಗಲೆಲ್ಲ ಕಿಟಕಿಯಿಂದ ನೋಡುತ್ತಿದ್ದೆ. ಪ್ರತಿ ಸಲ ಅದರ ಮೇಲೆ ಇನ್ನೂ ನಾಲ್ಕು ಬಿಲ್ಲು ಸೇರಿರುತ್ತಿತ್ತು. ತಪ್ಪು ನನ್ನದೇ. ನಮ್ಮ ಊರಿನಲ್ಲಿ ಮಾತು ತುಳುವಿನಲ್ಲಿ ಶುರುವಾಗಿ ಮಲಯಾಳದಲ್ಲಿ ಮುಗಿಯುತ್ತದೆ, ಆದರೆ ಕಾಗದ ಓದುವಾಗ ಪ್ರತಿಯೊಬ್ಬರಿಗೂ ಒಂದೇ ಭಾಷೆ. ಕನ್ನಡದ ಜೊತೆಗೆ ಮಲಯಾಳದ ಪ್ರತಿಯನ್ನೂ ಪಿನ್ ಮಾಡಿ ಕೊಡಿ. ಸ್ವೀಕರಿಸಿದ ದಿನಾಂಕ ಬರೆಸಿ ಒಂದು ಪ್ರತಿಗೆ ಸಹಿಯನ್ನೂ ಹಾಕಿಸಿಕೊಳ್ಳಿ.

ಇಪ್ಪತ್ತನೇ ದಿನ ಮಾಲಕರೇ ಸಿಕ್ಕಿದರು. ವಯಸ್ಸಾದವರು, ಮನೆಯಲ್ಲಿ ತುಳು ಕನ್ನಡ ಎರಡೂ ಮಾತಾಡುವವರು. ಪೇಟೆಯಲ್ಲಿ ಎಲ್ಲರೂ ಅವರನ್ನು ಧಣಿಗಳು ಅಂತಲೇ ಕರೆಯುವುದು. ಪತ್ರವನ್ನು ಕಂಬಿಯಿಂದ ತೆಗೆದು ಪೂರ್ತಿ ಓದಿದರು. ನಡುವೆ ತೂತು ಬಿದ್ದಿತ್ತು.

‘ಸೆಕ್ರೆಟ್ರಿಯವರೇ, ಕೂತುಕೊಳ್ಳಿ. ಲೀಟರಿಗೆ ಆರು ರೂಪಾಯಿ ಬಿಡಿ ಅಂತ ಬರೆದಿದ್ದೀರಲ್ಲ, ನನಗೆ ಲೀಟರಿಗೆ ಎಷ್ಟು ಸಿಗುತ್ತದೆ ಗೊತ್ತುಂಟಾ?’

ಗೊತ್ತಿರಲಿಲ್ಲ. ಹತ್ತು ರೂಪಾಯಿಯಾದರೂ ಸಿಗುತ್ತದೆ ಅಂತ ನಾವೆಲ್ಲ ನಂಬಿದ್ದೆವು.

ಡೀಸೆಲಿಗೆ ಡೀಲರ್ ಕಮಿಷನ್ ಸುಮಾರು ಮೂರು ರೂಪಾಯಿ. ಪೆಟ್ರೋಲಿಗೆ ಒಂದು ರೂಪಾಯಿಯಷ್ಟು ಜಾಸ್ತಿ. ಮಾರುವ ದರ ಅವರ ಕೈಯಲ್ಲಿ ಇಲ್ಲವೇ ಇಲ್ಲ. ತೈಲ ಕಂಪನಿ ದರ ಹೇಳುತ್ತದೆ, ಬೆಳಿಗ್ಗೆ ಆರು ಗಂಟೆಗೆ ಅದು ಜಾರಿಯಾಗುತ್ತದೆ. ಗಡಿಯ ಆಚೆ ಈಚೆ ವ್ಯತ್ಯಾಸ ಬರುವುದು ಎರಡು ರಾಜ್ಯಗಳ ತೆರಿಗೆಯಿಂದ, ಪಂಪಿನವರ ಲಾಭದಿಂದ ಅಲ್ಲ. ಆ ಮೂರು ರೂಪಾಯಿಯಲ್ಲೇ ಹುಡುಗರ ಸಂಬಳ, ಕರೆಂಟು, ಜನರೇಟರು, ಆವಿಯಾಗಿ ಹೋಗುವ ನಷ್ಟ ಎಲ್ಲ ಆಗಬೇಕು. ನಮ್ಮ ಪತ್ರದ ಪ್ರಕಾರ ನಡೆದಿದ್ದರೆ ಪ್ರತಿ ಲೀಟರಿಗೆ ಅವರು ಕೈಯಿಂದ ಮೂರು ರೂಪಾಯಿ ಹಾಕಬೇಕಾಗಿತ್ತು.

ನಿಜವಾಗಿ ನನ್ನ ಕಣ್ಣು ತೆರೆಸಿದ್ದು ಎರಡನೇ ಬೇಡಿಕೆ, ಸಾಲದ್ದು. ಧಣಿಗಳು ಕ್ಯಾಲ್ಕುಲೇಟರ್ ನನ್ನ ಕಡೆ ತಿರುಗಿಸಿ ಲೆಕ್ಕ ಹೇಳಿದರು. 12,000 ಲೀಟರಿನ ಒಂದು ಟ್ಯಾಂಕರ್ ಬರಬೇಕಾದರೆ ಹನ್ನೊಂದು ಲಕ್ಷಕ್ಕಿಂತ ಜಾಸ್ತಿ ಹಣವನ್ನು ಅವರು ಮೊದಲೇ ಹಾಕಬೇಕು. ಅದಕ್ಕೆ ಬ್ಯಾಂಕಿನ ಓವರ್‌ಡ್ರಾಫ್ಟ್ ಇದೆ. ಬಡ್ಡಿ ತಿಂಗಳಿಗೆ ಒಂದು ಪರ್ಸೆಂಟ್ ಅಂತ ಹಿಡಿಯಿರಿ. ಡೀಸೆಲ್ 95 ರೂಪಾಯಿ ಇದ್ದರೆ, ಒಂದು ಲೀಟರನ್ನು ಒಂದು ತಿಂಗಳು ಸಾಲ ಕೊಟ್ಟಾಗ 95 ಪೈಸೆ ಬಡ್ಡಿಗೆ ಹೋಯಿತು. ಅಂದರೆ ಬಾಯಲ್ಲಿ ರಿಯಾಯಿತಿ ಅನ್ನದಿದ್ದರೂ ಹತ್ತಿರ ಹತ್ತಿರ ಒಂದು ರೂಪಾಯಿ ಬಿಟ್ಟ ಹಾಗೆಯೇ. ಅದರ ಮೇಲೆ ಯಾರಾದರೂ ಹಣ ಕೊಡದೆ ಹೋದರೆ? ಒಬ್ಬ 5,000 ರೂಪಾಯಿ ಮುಳುಗಿಸಿದರೆ ಅದನ್ನು ತುಂಬಲು ಸುಮಾರು 1,700 ಲೀಟರ್ ಮಾರಬೇಕು.

‘ಸಾಲ ಬೇಕಾದರೆ ರಿಯಾಯಿತಿ ಕೇಳಬೇಡಿ. ರಿಯಾಯಿತಿ ಬೇಕಾದರೆ ಆಗಿಂದಾಗಲೇ ಹಣ ಕೊಡಿ. ಎರಡೂ ಒಟ್ಟಿಗೆ ಕೇಳಿದರೆ ನಾನು ಪಂಪ್ ನಿಮಗೇ ಬಿಟ್ಟುಕೊಡುವುದು ಒಳ್ಳೆಯದು’ ಅಂದರು. ನಗುತ್ತಲೇ ಅಂದದ್ದು. ಚಹಾ ಕೂಡ ತರಿಸಿದರು.

ಚಹಾ ಕುಡಿಯುತ್ತಾ ಹೊರಗೆ ನೋಡುತ್ತಿದ್ದೆ. ಮಳೆಗಾಲದ ಮೊದಲಿನ ಆ ಉರಿಬಿಸಿಲಿನಲ್ಲಿ ಅರ್ಧ ಗಂಟೆಯಲ್ಲಿ ಬಂದದ್ದು ಎರಡು ಆಟೋ, ಮೂರು ಬೈಕು, ಒಂದು ಮೀನಿನ ಪಿಕಪ್. ಮೊದಲು ಹೀಗಿರಲಿಲ್ಲ. ಹೆದ್ದಾರಿ ಆರು ಪಥವಾದ ಮೇಲೆ ದೂರದ ಲಾರಿ, ಕಾರುಗಳೆಲ್ಲ ನಡುವಿನ ರಸ್ತೆಯಲ್ಲೇ ಹಾರಿ ಹೋಗುತ್ತವೆ. ಈ ಪಂಪ್ ಸರ್ವಿಸ್ ರಸ್ತೆಯಲ್ಲಿ ಉಳಿದುಬಿಟ್ಟಿದೆ. ಎದುರು ಬದಿಯಿಂದ ಬರುವವರು ಅಂಡರ್‌ಪಾಸ್ ಹುಡುಕಿ ಸುತ್ತಿ ಬರಬೇಕು. ಅಂದರೆ ಇವರಿಗೆ ಈಗ ಊರಿನ ಗಾಡಿಗಳೇ ಆಧಾರ. ನಮ್ಮ ಹತ್ತಿರ 38 ಊರಿನ ಗಾಡಿ ಇದೆ! ಬವಣೆಯ ಬಗ್ಗೆ ಬರೆಯುವ ಬದಲು ಇದನ್ನಲ್ಲವೇ ಬರೆಯಬೇಕಾದದ್ದು ಅಂತ ಆಗ ಹೊಳೆಯಿತು.

‘ನಿಮ್ಮವರು ತಿಂಗಳಿಗೆ ಎಷ್ಟು ಲೀಟರ್ ಹಾಕುತ್ತಾರೆ?’ ಅಂತ ಧಣಿಗಳು ಹೊರಡುವಾಗ ಕೇಳಿದರು. ಅದಕ್ಕೂ ನನ್ನಲ್ಲಿ ಉತ್ತರ ಇರಲಿಲ್ಲ.

ಸ್ಟ್ಯಾಂಡಿಗೆ ಬಂದು ಕೇಳಿದರೆ ಎಲ್ಲರೂ ದಿನಕ್ಕೆ ಇಪ್ಪತ್ತು ಲೀಟರ್ ಅಂದರು. ಹಾಗೆ ಹಾಕುವುದಾದರೆ ಪ್ರತಿಯೊಬ್ಬನೂ ದಿನಾ ಮುನ್ನೂರು ಕಿಲೋಮೀಟರ್ ಓಡಬೇಕು. ಓಡುವುದಾದರೆ ಮಧ್ಯಾಹ್ನ ಇಸ್ಪೀಟು ಆಡುವವರು ಯಾರು? ಹಾಗಾಗಿ ಏಪ್ರಿಲಿನಲ್ಲಿ ಹತ್ತು ದಿನ ಬಿಲ್ಲು ಇಟ್ಟುಕೊಳ್ಳಿ ಅಂತ ಹೇಳಿದೆ. ಇದು ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು. ಪಂಪಿನ ಬಿಲ್ಲು ಬಿಸಿಗೆ ಕಪ್ಪಾಗುವ ಕಾಗದ. ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ಬಿಸಿಲಿನಲ್ಲಿ ಗಾಡಿ ನಿಲ್ಲಿಸಿದರೆ ಸಂಜೆಗೆ ಇದ್ದಿಲಿನ ಹಾಳೆ. ಐದು ಜನರ ಬಿಲ್ಲು ಹೀಗೆ ಹೋಯಿತು. ಗಾಡಿ ನಂಬರಿನ ಜಾಗದಲ್ಲಿ ಎಲ್ಲದರಲ್ಲೂ ‘ನಾಟ್ ಎಂಟರ್ಡ್’ ಅಂತ ಇರುತ್ತದೆ, ಹುಡುಗರು ನಂಬರ್ ಒತ್ತುವುದೇ ಇಲ್ಲ. ಯಾವುದು ಯಾರದ್ದು ಅಂತ ಹೇಗೆ ಗೊತ್ತಾಗಬೇಕು? ಕೊನೆಗೆ, ಬಿಲ್ಲು ಸಿಕ್ಕಿದ ಕೂಡಲೇ ಹಿಂದೆ ಪೆನ್ನಿನಲ್ಲಿ ಗಾಡಿ ನಂಬರ್ ಬರೆದು, ಫೋನಿನಲ್ಲಿ ಫೋಟೋ ತೆಗೆದು ನನಗೆ ಕಳಿಸಿ ಅಂತ ಮಾಡಿದೆ. 38ರಲ್ಲಿ 27 ಜನ ಸರಿಯಾಗಿ ಕಳಿಸಿದರು. ಅಷ್ಟು ಸಾಕು.

ಇದರ ನಡುವೆ ಇನ್ನೊಂದು ತಕರಾರು ಬಂತು. ‘ಆ ಪಂಪಿನಲ್ಲಿ ಅಳತೆ ಕಡಿಮೆ, ರಿಯಾಯಿತಿ ಕೊಟ್ಟು ಅದರಲ್ಲಿ ಹಿಡಿಯುತ್ತಾರೆ’ ಅಂತ ಹಿರಿಯ ಸದಸ್ಯರೊಬ್ಬರು ಹಟ ಹಿಡಿದರು. ಜಗಳ ಬೇಡ ಅಂತ ಅವರನ್ನೇ ಕರೆದುಕೊಂಡು ಹೋದೆ. ಪ್ರತಿ ಪಂಪಿನಲ್ಲೂ ಅಳತೆ ಇಲಾಖೆಯ ಮುದ್ರೆ ಇರುವ ಐದು ಲೀಟರಿನ ಪಾತ್ರೆ ಇರುತ್ತದೆ. ಗಿರಾಕಿ ಕೇಳಿದರೆ ಅದರಲ್ಲಿ ಹಾಕಿ ತೋರಿಸಬೇಕು. ಐದು ಲೀಟರಿಗೆ 25 ಮಿಲಿಲೀಟರ್ ಹೆಚ್ಚು ಕಡಿಮೆ ಇದ್ದರೆ ತಪ್ಪಲ್ಲ. ಪಾತ್ರೆಯ ಕುತ್ತಿಗೆಯಲ್ಲಿ ಗೆರೆ ಇದೆ, ಡೀಸೆಲ್ ಸರಿಯಾಗಿ ಗೆರೆಗೆ ಬಂದು ನಿಂತಿತು. ಅಣ್ಣ ಎರಡು ಸಲ ಬಗ್ಗಿ ನೋಡಿದರು, ಕನ್ನಡಕ ಹಾಕಿಕೊಂಡು ಮೂರನೇ ಸಲ ನೋಡಿದರು. ಆಮೇಲೆ ಆ ಮಾತು ಎತ್ತಲಿಲ್ಲ.

ಬಿಲ್ಲುಗಳ ಲೆಕ್ಕ ಒಂದು ರಾತ್ರಿ ಕೂತು ಮುಗಿಸಿದೆ. ಮರುದಿನ ಎರಡನೇ ಪತ್ರ ಬರೆದೆ. ಇದು ಪೂರ್ತಿ ಇಲ್ಲಿದೆ, ನಿಮ್ಮ ಸಂಖ್ಯೆ ಹಾಕಿ ಬಳಸಿಕೊಳ್ಳಬಹುದು.

‘ಮಾನ್ಯರೇ,

ವಿಷಯ: ಸಂಘದ ಸದಸ್ಯರ ವಾಹನಗಳಿಗೆ ಡೀಸೆಲಿನಲ್ಲಿ ರಿಯಾಯಿತಿ ಕೋರಿ.

ನಮ್ಮ ಸಂಘದ 38 ವಾಹನಗಳ ಪೈಕಿ 27ರ ಹತ್ತು ದಿನದ ಬಿಲ್ಲುಗಳನ್ನು ಲೆಕ್ಕ ಮಾಡಿದ್ದೇವೆ. ಒಟ್ಟು 2,565 ಲೀಟರ್. ಇದರಲ್ಲಿ ತಮ್ಮ ಪಂಪಿನಲ್ಲಿ ಹಾಕಿದ್ದು 565. ಸುತ್ತಲಿನ ಬೇರೆ ಪಂಪುಗಳಲ್ಲಿ 900. ಉಳಿದ 1,100 ಲೀಟರ್ ಮಂಗಳೂರಿಗೆ ಬಾಡಿಗೆ ಹೋದಾಗ ಅಲ್ಲಿ ಹಾಕಿದ್ದು. ಅದನ್ನು ಇಲ್ಲಿಗೆ ತರುತ್ತೇವೆಂದು ನಾವು ಹೇಳುವುದಿಲ್ಲ.

ಈಗ ತಮ್ಮಲ್ಲಿ ತಿಂಗಳಿಗೆ ಸುಮಾರು 1,700 ಲೀಟರ್ ಆಗುತ್ತಿದೆ. ಬೇರೆ ಪಂಪುಗಳಿಗೆ ಹೋಗುವುದನ್ನೂ ತಮ್ಮಲ್ಲಿಗೆ ತಂದರೆ 4,000 ದಾಟಬಹುದು. ಲೀಟರಿಗೆ 1 ರೂಪಾಯಿ ರಿಯಾಯಿತಿ ಕೊಡಬೇಕೆಂದು ವಿನಂತಿ. ಯಾವುದೇ ತಿಂಗಳು 3,000 ಲೀಟರಿಗಿಂತ ಕಡಿಮೆಯಾದರೆ ಆ ತಿಂಗಳ ರಿಯಾಯಿತಿ ಬೇಡ. ಸಾಲ ಕೇಳುವುದಿಲ್ಲ. ನಗದು ಅಥವಾ ಜಿಪೇ ಮೂಲಕ ಆಗಲೇ ಪಾವತಿಸುತ್ತೇವೆ. ಮೂರು ತಿಂಗಳು ನೋಡಿ, ತಮಗೆ ಸರಿಕಾಣದಿದ್ದರೆ ನಿಲ್ಲಿಸಬಹುದು.

ಸದಸ್ಯರ ವಾಹನಗಳ ಪಟ್ಟಿ, ಸಂಘದ ನೋಂದಣಿ ಪತ್ರ ಮತ್ತು ಸಭೆಯ ನಿರ್ಣಯದ ಪ್ರತಿ ಲಗತ್ತಿಸಿದೆ.’

ಅಷ್ಟೇ. ಕೆಳಗೆ ನನ್ನ ಮತ್ತು ಅಧ್ಯಕ್ಷರ ಸಹಿ, ಸಂಘದ ಸೀಲು. ಮಂಗಳೂರಿನ 1,100 ಲೀಟರನ್ನು ಬರೆಯಬಾರದು, ನಮ್ಮ ತೂಕ ಕಡಿಮೆಯಾಗುತ್ತದೆ ಅಂತ ಅಧ್ಯಕ್ಷರು ಹೇಳಿದ್ದರು. ನಾನು ಬಿಡಲಿಲ್ಲ. ಆಸ್ಪತ್ರೆಗೆ ರೋಗಿಯನ್ನು ಕರೆದುಕೊಂಡು ಮಂಗಳೂರಿಗೆ ಹೋದವನು ಬರುವಾಗ ಅಲ್ಲೇ ಟ್ಯಾಂಕ್ ತುಂಬಿಸುತ್ತಾನೆ. ಇದು ಕುಂಬಳೆಯಲ್ಲಿ ಪಂಪ್ ಇಟ್ಟವರಿಗೆ ಗೊತ್ತಿಲ್ಲದ ಗುಟ್ಟೇ? ಮುಚ್ಚಿಟ್ಟಿದ್ದರೆ ಉಳಿದ ಅಂಕಿಗಳನ್ನೂ ಅವರು ನಂಬುತ್ತಿರಲಿಲ್ಲ.

ಈ ಸಲ ಉತ್ತರ ನಾಲ್ಕನೇ ದಿನಕ್ಕೆ ಬಂತು. ಧಣಿಗಳು ಪತ್ರದ ಅಂಚಿನಲ್ಲೇ ಪೆನ್ಸಿಲಿನಿಂದ ಲೆಕ್ಕ ಹಾಕಿಟ್ಟಿದ್ದರು. ಈಗ 1,700 ಲೀಟರಿಗೆ ಮೂರರ ಹಾಗೆ 5,100 ರೂಪಾಯಿ. ಒಂದು ರೂಪಾಯಿ ಬಿಟ್ಟು 4,000 ಲೀಟರ್ ಮಾರಿದರೆ 8,000. ಅದರ ಕೆಳಗೆ ಇನ್ನೊಂದು ಲೆಕ್ಕ: 75 ಪೈಸೆ ಬಿಟ್ಟರೆ 9,000. ಎರಡನೆಯದಕ್ಕೆ ಸುತ್ತು ಹಾಕಿದ್ದರು. ಡೀಸೆಲಿಗೆ 75 ಪೈಸೆ, ಪೆಟ್ರೋಲಿಗೆ ಒಂದು ರೂಪಾಯಿ ಅಂತ ಮಾತಾಯಿತು. ಪೆಟ್ರೋಲ್ ನಾವು ಕೇಳಿಯೇ ಇರಲಿಲ್ಲ. ಅದರ ಗಾಡಿ ನಮ್ಮಲ್ಲಿ ನಾಲ್ಕೇ ಇರುವುದು. ‘ಅದರಲ್ಲಿ ಸ್ವಲ್ಪ ಜಾಸ್ತಿ ಉಂಟು, ತೆಗೆದುಕೊಳ್ಳಿ’ ಅಂದರು. ಕ್ರೆಡಿಟ್ ಕಾರ್ಡ್ ಮಾತ್ರ ಉಜ್ಜಬಾರದು ಅಂತ ಷರತ್ತು.

ಕೊಡುವ ರೀತಿ ಮೊದಲೇ ಮಾತಾಡಿಕೊಳ್ಳಿ, ಇದು ಮುಖ್ಯ. ಮೆಷಿನಿನಲ್ಲಿ ದರ ಇಳಿಸಲು ಆಗುವುದಿಲ್ಲ, ಬಿಲ್ಲು ಪೂರ್ತಿ ದರಕ್ಕೇ ಬರುತ್ತದೆ. ನಮ್ಮಲ್ಲಿ ಮಾಡಿದ್ದು ಚೀಟಿ ಪುಸ್ತಕ. ಡೀಸೆಲ್ ಹಾಕಿದ ಹುಡುಗ ಗಾಡಿ ನಂಬರ್, ಲೀಟರ್, ಬಿಲ್ ನಂಬರ್ ಬರೆದು ಚೀಟಿ ಹರಿದು ಕೊಡುತ್ತಾನೆ, ಕಾರ್ಬನ್ ಪ್ರತಿ ಪಂಪಿನಲ್ಲಿ ಉಳಿಯುತ್ತದೆ. ತಿಂಗಳ ಕೊನೆಗೆ ಎರಡನ್ನೂ ತಾಳೆ ನೋಡಿ ಒಟ್ಟು ಹಣವನ್ನು ಸಂಘಕ್ಕೆ ಚೆಕ್ಕಿನಲ್ಲಿ ಕೊಡುತ್ತಾರೆ. ಗುರುತಿಗೆ ಗಾಜಿನ ಮೇಲೆ ಸಂಘದ ಸ್ಟಿಕ್ಕರ್, ಅದರಲ್ಲಿ ಕ್ರಮಸಂಖ್ಯೆ. ಸಂಖ್ಯೆ ಇಲ್ಲದಿದ್ದರೆ ಭಾವನ ಕಾರಿಗೂ ಅಳಿಯನ ಕಾರಿಗೂ ಸ್ಟಿಕ್ಕರ್ ಬರುತ್ತದೆ. ಚೀಟಿ ಪುಸ್ತಕ, ಸ್ಟಿಕ್ಕರ್, ಜೆರಾಕ್ಸ್ ಎಲ್ಲ ಸೇರಿ ನಮಗೆ 1,460 ರೂಪಾಯಿ ಖರ್ಚಾಯಿತು.

ಚೆಕ್ ಅಂದ ಕೂಡಲೇ ಹೊಸ ತಲೆನೋವು ಶುರುವಾಯಿತು. ಸಂಘದ ಖಾತೆಯಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ವ್ಯವಹಾರವೇ ನಡೆದಿರಲಿಲ್ಲ, ಬ್ಯಾಂಕಿನವರು ಅದನ್ನು ನಿಲ್ಲಿಸಿಬಿಟ್ಟಿದ್ದರು. ಸಹಿ ಮಾಡುವವರು ಹಳೆಯ ಅಧ್ಯಕ್ಷರು ಮತ್ತು ಖಜಾಂಚಿ. ಒಬ್ಬರು ಗಲ್ಫಿನಲ್ಲಿ, ಇನ್ನೊಬ್ಬರು ಟ್ಯಾಕ್ಸಿ ಮಾರಿ ಕೋಳಿ ಫಾರಂ ಮಾಡುತ್ತಿದ್ದಾರೆ. ಹೊಸ ನಿರ್ಣಯ ಬೇಕು, ಹೊಸಬರ ಆಧಾರ್, ಪ್ಯಾನ್, ಫೋಟೋ ಬೇಕು ಅಂದರು. ಮೂರು ಸಲ ಹೋಗಿ ಬಂದೆ. ಒಂದು ಸಲ ನಿರ್ಣಯದಲ್ಲಿ ಖಾತೆ ನಂಬರ್ ಬರೆದಿಲ್ಲ ಅಂತ ವಾಪಸ್. ಇನ್ನೊಂದು ಸಲ ಸೀಲು ಸಹಿಯ ಮೇಲೆ ಬಿದ್ದಿದೆ ಅಂತ. ಪ್ರತಿ ಸಲ ಅರ್ಧ ದಿನದ ಬಾಡಿಗೆ ಹೋಯಿತು. ಪಂಪಿಗೆ ಪತ್ರ ಕೊಡುವ ಮೊದಲೇ ಖಾತೆ ಜೀವಂತ ಇದೆಯಾ ಅಂತ ನೋಡಿಕೊಳ್ಳಿ.

ಜೂನ್ ಒಂದರಿಂದ ಶುರುವಾಯಿತು. ಮೊದಲ ದಿನವೇ ಒಬ್ಬ ಸದಸ್ಯ ಪಂಪಿನ ಹುಡುಗನ ಹತ್ತಿರ ಜಗಳ. ‘ಮೆಷಿನಿನಲ್ಲಿ ಪೂರ್ತಿ ದರ ತೋರಿಸ್ತಾ ಇದೆ, ಕಡಿಮೆ ಮಾಡು’ ಅಂತ. ಸಭೆಗೆ ಬಾರದವನು ಅವನೇ. ಎರಡನೇ ಗಲಾಟೆ ಬೇರೆಯವರ ಗಾಡಿ ಓಡಿಸುವವರದ್ದು. ಡೀಸೆಲಿಗೆ ಹಣ ಕೊಡುವುದು ಗಾಡಿಯ ಯಜಮಾನ, ಸರ್ವಿಸ್ ರಸ್ತೆಯಲ್ಲಿ ಕಾದು ಚೀಟಿ ಬರೆಸುವುದು ಚಾಲಕ. 75 ಪೈಸೆ ಯಾರಿಗೆ? ಎರಡು ಗಂಟೆ ಚರ್ಚೆ ನಡೆದು, ಡೀಸೆಲಿಗೆ ಹಣ ಕೊಟ್ಟವರಿಗೇ ಅಂತ ತೀರ್ಮಾನವಾಯಿತು. ಚಾಲಕರಿಗೆ ಅನ್ಯಾಯ ಅಂತಲೇ ನನಗೆ ಈಗಲೂ ಅನ್ನಿಸುತ್ತದೆ, ಆದರೆ ನನ್ನದು ಒಂದೇ ಮತ.

ಜೂನಿನ ಲೆಕ್ಕ ಡೀಸೆಲ್ 3,480 ಲೀಟರ್, 2,610 ರೂಪಾಯಿ. ಪೆಟ್ರೋಲ್ 210 ಲೀಟರ್, 210 ರೂಪಾಯಿ. ಒಟ್ಟು 2,820. ನನ್ನ ಪಾಲಿಗೆ ಬಂದದ್ದು 126 ರೂಪಾಯಿ. ‘ಇದಕ್ಕೆ ಮೂರು ತಿಂಗಳು ಓಡಾಡಿದ್ದಾ?’ ಅಂತ ಮನೆಯವಳು ಕೇಳಿದಳು. ದಿನಕ್ಕೆ ಒಂದು ಚಹಾದ ಹಣವೂ ಇಲ್ಲ, ನಿಜ. ದೊಡ್ಡ ಆಸೆ ಇಟ್ಟುಕೊಂಡು ಇದಕ್ಕೆ ಇಳಿಯಬೇಡಿ. ಕೆಲವರು ತಮ್ಮ ಪಾಲನ್ನು ಸಂಘದಲ್ಲೇ ಬಿಟ್ಟಿದ್ದಾರೆ, ಓಣಂ ಹೊತ್ತಿಗೆ ಒಟ್ಟಿಗೆ ತೆಗೆದುಕೊಳ್ಳುತ್ತಾರಂತೆ.

ನಾನು ಮಾಡಿದ ದೊಡ್ಡ ತಪ್ಪು ಜುಲೈಯಲ್ಲಿ ಗೊತ್ತಾಯಿತು. ಬಿಲ್ಲು ಲೆಕ್ಕ ಮಾಡಿದ್ದು ಏಪ್ರಿಲಿನಲ್ಲಿ. ಆಗ ಮದುವೆ, ಶಾಲೆಗೆ ರಜೆ, ಅನಂತಪುರ ದೇವಸ್ಥಾನಕ್ಕೂ ಬೇಕಲ ಕೋಟೆಗೂ ಬರುವ ಜನ. ಆಟಿ ತಿಂಗಳ ಮಳೆಗೆ ಬಾಡಿಗೆ ಎಲ್ಲಿದೆ? 3,000 ಲೀಟರಿನ ಮಿತಿಯನ್ನು ನಾನೇ ಬರೆದುಕೊಟ್ಟಿದ್ದೆ. ನೀವು ಲೆಕ್ಕ ಮಾಡುವುದಾದರೆ ಬಾಡಿಗೆ ಕಡಿಮೆ ಇರುವ ತಿಂಗಳಲ್ಲಿ ಮಾಡಿ.

ಜುಲೈ 31ರ ಸಂಜೆ ಏಳು ಗಂಟೆಗೆ ಪಂಪಿನ ಮ್ಯಾನೇಜರ್ ಫೋನ್ ಮಾಡಿದರು. ‘ಸೆಕ್ರೆಟ್ರಿ, ನಿಮ್ಮದು 2,940 ಆಗಿದೆ’ ಅಂತ ಮಲಯಾಳದಲ್ಲಿ ಹೇಳಿದರು. ಹೇಳಬೇಕಾದ ಹಂಗು ಅವರಿಗೆ ಇರಲಿಲ್ಲ. ನಾನು ಸ್ಟ್ಯಾಂಡಿಗೆ ಓಡಿದೆ. ಮಳೆ ಕೊಡೆಗೂ ಬಗ್ಗದ ಹಾಗೆ ಹೊಡೆಯುತ್ತಿತ್ತು. ಅಲ್ಲಿದ್ದ ಮೂರು ಗಾಡಿ ಮತ್ತು ನನ್ನದು, ಒಟ್ಟು ನಾಲ್ಕು ಸಾಲಾಗಿ ಪಂಪಿಗೆ ಹೋದವು. ಒಬ್ಬನ ಟ್ಯಾಂಕ್ ಅರ್ಧ ತುಂಬಿಯೇ ಇತ್ತು, ‘ನನ್ನದರಲ್ಲಿ ಹಿಡಿಯುವುದಿಲ್ಲ ಮಾರಾಯ’ ಅಂತ ಗೊಣಗುತ್ತಲೇ ಬಂದ. ಹಿಡಿಯಿತು. ಎಲ್ಲರೂ ಹದಿನೆಂಟು ಹದಿನೆಂಟು ಲೀಟರ್ ಹಾಕಿಸಿದೆವು. ಮ್ಯಾನೇಜರ್ ಕಾರ್ಬನ್ ಪ್ರತಿಗಳನ್ನು ಎರಡು ಸಲ ಕೂಡಿಸಿ, ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. 3,012.